ಒಂದು ನಿಮಿಷದಲ್ಲಿ ಕವಿರಾಜಮಾರ್ಗ

ಕೇಳುಗರಿಗೆ ನಮಸ್ಕಾರ. ಒಂದು ಪುಸ್ತಕವನ್ನು ಒಂದೇ ನಿಮಿಷದಲ್ಲಿ ಪರಿಚಯಿಸುವ ಬಾನುಲಿ ಬರಹವನ್ನು ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಇಂದು ಒಂದು ಪುಸ್ತಕವನ್ನೇ ಮುಂದಿಟ್ಟುಕೊಂಡು ನೋಡೋಣ. ಕಲಬುರಗಿಯವರಾದ ನಾವು ಅದಕ್ಕಾಗಿ ದೂರ ಹುಡುಕಬೇಕಾಗಿಲ್ಲ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು.

ಗಡಿಬಿಡಿಯಿಲ್ಲದೆ ಓದಿದರೆ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 90 ಕನ್ನಡ ಪದಗಳು ಹಿಡಿಯುತ್ತವೆ. ಬಾನುಲಿ ಕೇಳುವವರು ಪುಟ ತಿರುವಿ ಹಿಂದಕ್ಕೆ ಹೋಗಲಾರರು. ಆದರೂ ಬಹಳಷ್ಟು ಜನ ಮೊದಲ ಕರಡಿನಲ್ಲಿ ಪರಿವಿಡಿಯನ್ನೇ ಬರೆದಿಡುತ್ತಾರೆ: ಈ ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ, ಮೊದಲನೆಯದು ಕಾವ್ಯದೋಷಗಳನ್ನು ಕುರಿತದ್ದು, ಉಳಿದೆರಡು ಅಲಂಕಾರಗಳನ್ನು ಕುರಿತವು, ಇದಕ್ಕೆ ದಂಡಿಯ ಕಾವ್ಯಾದರ್ಶ ಆಧಾರ, ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಿದೆ, ಇತ್ಯಾದಿ. ಇವೆಲ್ಲ ನಿಜವೇ. ಆದರೆ ನಿಮಿಷ ಮುಗಿದ ಮೇಲೆ ಕೇಳಿದವರಲ್ಲಿ ಏನೂ ಉಳಿಯುವುದಿಲ್ಲ, ಏಕೆಂದರೆ ಪುಸ್ತಕವು ಏನನ್ನು ಹೇಳುತ್ತಿದೆ ಎಂಬುದೇ ಅಲ್ಲಿ ಬಂದಿಲ್ಲ.

ಆ ಒಂದು ಮಾತನ್ನು ಆರಿಸುವುದೇ ಕಷ್ಟದ ಕೆಲಸ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರು ಓದದೆಯೂ ಕಾವ್ಯ ಬಲ್ಲವರು ಎಂಬ ಪದ್ಯ ನಮ್ಮ ಸಭೆಗಳಲ್ಲಿ ಎಷ್ಟು ಬಾರಿ ಕೇಳಿಬರುತ್ತದೆಂದರೆ, ಕೈ ತಾನಾಗಿಯೇ ಅದರತ್ತ ಹೋಗುತ್ತದೆ. ನಾನು ಅದನ್ನು ಬಿಡುತ್ತೇನೆ. ಅದು ಹೊಗಳಿಕೆ, ಪುಸ್ತಕದ ವಾದ ಅಲ್ಲಿಂದ ಮುಂದಕ್ಕಿದೆ. ಕನ್ನಡವು ಪ್ರದೇಶಕ್ಕೊಂದು ಬಗೆಯಾಗಿರುವುದರಿಂದ ಬರೆಯುವವನು ಹದವರಿತು ಆರಿಸಿಕೊಳ್ಳಬೇಕು ಎಂಬುದು ಆ ವಾದ. ಇದು ಒಂದೇ ವಾಕ್ಯದಲ್ಲಿ ನಿಲ್ಲುತ್ತದೆ. ಬರಹವನ್ನು ಇಬ್ಬರಿಗೆ ಓದಿ ಹೇಳಿ, ಕೇಳಿದ್ದೇನೆಂದು ಬೇರೆಬೇರೆಯಾಗಿ ವಿಚಾರಿಸಿದಾಗ ಇಬ್ಬರೂ ಇದೇ ವಾಕ್ಯದ ಹತ್ತಿರಕ್ಕೆ ಬಂದರೆ ಆಯ್ಕೆ ಸರಿಯಾಗಿದೆ. ಒಬ್ಬರು ನೃಪತುಂಗನ ವೈಭವವನ್ನೂ ಇನ್ನೊಬ್ಬರು ಅಲಂಕಾರಗಳನ್ನೂ ನೆನೆದರೆ ಬರಹದಲ್ಲಿ ಎರಡು ವಿಷಯಗಳು ಸೇರಿಕೊಂಡಿವೆ ಎಂದರ್ಥ. ಈಗ ಆ ಬರಹವನ್ನು ಕೇಳಿ.

“ಕನ್ನಡವು ಎಲ್ಲ ಕಡೆಗೂ ಒಂದೇ ಬಗೆಯಲ್ಲ. ಹಾಗಿದ್ದರೆ ಎಲ್ಲರಿಗೂ ಒಪ್ಪುವಂತೆ ಬರೆಯುವುದು ಹೇಗೆ? ಸಾವಿರದ ನೂರು ವರ್ಷಗಳ ಹಿಂದೆಯೇ ಕವಿರಾಜಮಾರ್ಗವು ಎತ್ತಿಕೊಂಡ ಪ್ರಶ್ನೆಯಿದು. ದೇಶದೇಶಕ್ಕೆ ಬೇರೆಯಾಗುವ ಕನ್ನಡಗಳ ದೋಷಗಳನ್ನು ಗೊತ್ತುಮಾಡಹೊರಟರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ ಈ ಗ್ರಂಥ. ಆದ್ದರಿಂದ ಬರೆಯುವವನು ಹದವರಿತು ಆರಿಸಬೇಕು, ಹದವರಿತು ಬೆರೆಸಬೇಕು. ಕನ್ನಡಕ್ಕೆ ಸಂಸ್ಕೃತವನ್ನು ಹೇಗೆಂದರೆ ಹಾಗೆ ಬೆಸೆದರೆ, ಮರಳುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಎಚ್ಚರಿಸುತ್ತದೆ. ಇದನ್ನೇಕೆ ಓದಬೇಕು? ಈ ಗ್ರಂಥವು ಬರಿದೇ ನಿಯಮ ಹೇಳುವುದಿಲ್ಲ. ದೋಷವಿರುವ ಪದ್ಯವನ್ನು ಕೊಟ್ಟು, ಅದನ್ನು ತಿದ್ದಿದರೆ ಹೇಗಾಗುತ್ತದೆಂದು ತೋರಿಸುತ್ತದೆ. ಬರೆದದ್ದನ್ನು ತಿದ್ದಲು ಕಲಿಯಬೇಕೆನ್ನುವವರು ಮೊದಲ ಪರಿಚ್ಛೇದವನ್ನು ತೆರೆಯಿರಿ.”

ಇಲ್ಲಿ ಹಾಲು ಮಜ್ಜಿಗೆಯ ಮಾತನ್ನು ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಅದು ನನ್ನದಲ್ಲ, ಗ್ರಂಥದ್ದೇ. ಒಲೆಯ ಮುಂದೆ ನಿಂತವರಿಗೆಲ್ಲ ಒಡೆದ ಹಾಲು ಕಣ್ಣಿಗೆ ಕಟ್ಟುವುದರಿಂದ ಹಳಗನ್ನಡವನ್ನು ಬಿಡಿಸಿ ಹೇಳುವ ಹೊತ್ತೂ ಉಳಿಯುತ್ತದೆ. ಓದಲು ಕೊಡುವ ಕಾರಣವೂ ಹಾಗೆಯೇ ಪುಸ್ತಕದ ಒಳಗಿನಿಂದ ಬಂದಿರಬೇಕು. ಇದು ಹಳೆಯದು, ಇದು ನಮ್ಮ ಹೆಮ್ಮೆ ಎಂದರೆ ಕೇಳುಗರು ತಲೆದೂಗುತ್ತಾರೆ, ಪುಸ್ತಕ ತೆರೆಯುವುದಿಲ್ಲ. ತಿದ್ದಿದ ಪದ್ಯವನ್ನಾದರೋ ಒಂದು ನಿಮಿಷದಲ್ಲಿ ತೋರಿಸಲಾಗದು. ಅದನ್ನು ನೋಡಬೇಕೆಂದರೆ ಓದಲೇಬೇಕು.

ನಮ್ಮ ಜಿಲ್ಲೆಯವರು ಇದನ್ನು ಬರೆಯುವಾಗ ಒಂದು ಕಡೆ ಜಾರುವ ಸಂಭವ ಹೆಚ್ಚು. ಮಾನ್ಯಖೇಟದ ಕನ್ನಡವನ್ನೇ ಈ ಗ್ರಂಥವು ತಿರುಳ್ಗನ್ನಡವೆಂದು ಸಾರಿತು ಎಂದು ಬರೆದುಬಿಡುವ ಆಸೆ ಸಹಜ. ಗ್ರಂಥವು ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು, ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಕಡೆಯ ಸೀಮೆಯನ್ನು. ರಾಜಧಾನಿಯ ಹೆಸರು ಆ ಪಟ್ಟಿಯಲ್ಲಿಲ್ಲ. ರಾಜನ ಸಮ್ಮತಿ ಪಡೆದ ಗ್ರಂಥವು ರಾಜನ ಊರನ್ನು ಬಿಟ್ಟು ತಿರುಳನ್ನು ಬೇರೆಡೆ ಗುರುತಿಸಿತು ಎಂಬುದು ನನಗೆ ಹೆಮ್ಮೆಗಿಂತ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ಆದರೆ ಅದು ಇನ್ನೊಂದು ನಿಮಿಷದ ವಿಷಯ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಎರಡನೆಯ ಮತ್ತು ಮೂರನೆಯ ಪರಿಚ್ಛೇದಗಳು ಅಲಂಕಾರಗಳ ವಿವರದಿಂದ ತುಂಬಿದ್ದು, ಹೊಸಬರಿಗೆ ಭಾರವೆನಿಸುತ್ತವೆ. ಅದಕ್ಕಾಗಿಯೇ ಬರಹದ ಕೊನೆಯಲ್ಲಿ ‘ಪುಸ್ತಕವನ್ನು ಓದಿ’ ಎನ್ನದೆ ‘ಮೊದಲ ಪರಿಚ್ಛೇದವನ್ನು ತೆರೆಯಿರಿ’ ಎಂದಿದ್ದೇನೆ. ಹೊಸಗನ್ನಡದ ಗದ್ಯಾನುವಾದವಿರುವ ಮುದ್ರಣವನ್ನು ಕೈಗೆತ್ತಿಕೊಂಡರೆ ಆ ಭಾಗವನ್ನು ಯಾರ ನೆರವೂ ಇಲ್ಲದೆ ಓದಿಕೊಳ್ಳಬಹುದು.