ಮತ್ತೆ ಬನ್ನಿ ಅಂತ ಬರೆಯುವ ಆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿ ಸ್ತನ ತಪಾಸಣೆಯ ಕೆಲಸದಲ್ಲಿ ಇರುವವಳು. ಇವತ್ತು ಕಾಯಿಲೆ ಬಗ್ಗೆ ಜಾಸ್ತಿ ಮಾತಾಡಲ್ಲ. ಒಂದು ಪುಟದ ಒಂದು ಪತ್ರದ ಬಗ್ಗೆ ಮಾತಾಡುತ್ತೇನೆ.

ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 1988ರಿಂದ ಈ ತಪಾಸಣೆ ನಡೆಸುತ್ತಿದೆ. 50 ದಾಟಿದ ಹೆಂಗಸರಿಗೆ 71 ತುಂಬುವವರೆಗೆ ಮೂರು ವರ್ಷಕ್ಕೊಮ್ಮೆ ಕರೆ ಬರುತ್ತೆ. ಹೋಗಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ತೆಗೆಸಿಕೊಂಡು ಬಂದರೆ ಸುಮಾರು ಎರಡು ವಾರದಲ್ಲಿ ಫಲಿತಾಂಶದ ಪತ್ರ. ನೂರು ಜನರಲ್ಲಿ 96 ಜನಕ್ಕೆ ‘ಏನೂ ಇಲ್ಲ, ಮೂರು ವರ್ಷ ಬಿಟ್ಟು ಬನ್ನಿ’ ಅಂತ ಬರುತ್ತೆ. ಉಳಿದ ನಾಲ್ಕು ಜನಕ್ಕೆ ‘ಇನ್ನೊಮ್ಮೆ ಬನ್ನಿ’ ಅಂತ. ಆ ನಾಲ್ವರಲ್ಲಿ ಕೊನೆಗೆ ಕ್ಯಾನ್ಸರ್ ಅಂತ ಗೊತ್ತಾಗುವುದು ಹೆಚ್ಚುಕಮ್ಮಿ ಒಬ್ಬರಿಗೆ. ಮೂವರಿಗೆ ಏನೂ ಇರುವುದಿಲ್ಲ. ಆದರೆ ನಾಲ್ವರಿಗೂ ಹೋಗುವುದು ಅದೇ ಪತ್ರ, ಮತ್ತು ಬರೆಯುವ ಹೊತ್ತಿಗೆ ಆ ಒಬ್ಬರು ಯಾರು ಅನ್ನುವುದು ನಮಗೂ ಗೊತ್ತಿರುವುದಿಲ್ಲ. ಕಷ್ಟ ಇರುವುದು ಇಲ್ಲೇ.

ನನಗೆ ಗೊತ್ತಿರುವ ಕನ್ನಡದ ಅಮ್ಮ ಒಬ್ಬರು, ಹೆಸರು ಬೇಡ. 52 ವಯಸ್ಸು, ಅದೇ ಮೊದಲ ಮ್ಯಾಮೊಗ್ರಾಂ. ಪತ್ರ ಕೈಗೆ ಬಂದಿದ್ದು ಶನಿವಾರ. ಇಂಗ್ಲಿಷ್ ಓದುವುದು ಅಷ್ಟಕ್ಕಷ್ಟೆ, ಹಾಗಾಗಿ ಬೇರೆ ಊರಲ್ಲಿದ್ದ ಮಗನಿಗೆ ಫೋಟೊ ತೆಗೆದು ಕಳಿಸಿದರು. ಅವನು ಫೋನಲ್ಲಿ ಹೇಳಿದ್ದು ಇಷ್ಟು: ‘ಅಮ್ಮ, ಅಬ್‌ನಾರ್ಮಲ್ ಅಂತೆ, ಇನ್‌ವೆಸ್ಟಿಗೇಶನ್ ಮಾಡ್ಬೇಕಂತೆ.’ ಇನ್‌ವೆಸ್ಟಿಗೇಶನ್ ಅಂದರೆ ನಮ್ಮ ಕಿವಿಗೆ ತನಿಖೆ, ಪೊಲೀಸರು ಮಾಡೋದು! ಪತ್ರದ ಕೆಳಗೆ ಒಂದು ನಂಬರ್ ಇತ್ತು. ಶನಿವಾರ, ಭಾನುವಾರ ಯಾರೂ ಎತ್ತಲಿಲ್ಲ. ಎರಡು ರಾತ್ರಿ ಆಕೆ ಮಲಗಲಿಲ್ಲ, ಒಡವೆ ಯಾವ ಸೊಸೆಗೆ ಯಾವುದು ಅಂತ ಚೀಟಿಯನ್ನೂ ಬರೆದಿಟ್ಟಿದ್ದರು.

ನಿಜಕ್ಕೂ ಆಗಿದ್ದೇನು ಗೊತ್ತಾ? ಮ್ಯಾಮೊಗ್ರಾಂನಲ್ಲಿ ಒಂದೊಂದು ಸ್ತನಕ್ಕೆ ಎರಡು ಚಿತ್ರ ತೆಗೆಯುತ್ತಾರೆ. ಒಂದು ಮೇಲಿಂದ, ಇನ್ನೊಂದು ಪಕ್ಕದಿಂದ ಓರೆಯಾಗಿ. ಇಬ್ಬರು ಪರಿಣತರು ಬೇರೆಬೇರೆಯಾಗಿ ಅದನ್ನು ನೋಡುತ್ತಾರೆ. ಈಕೆಯ ಓರೆ ಚಿತ್ರದಲ್ಲಿ ಒಂದು ಕಡೆ ದಟ್ಟವಾಗಿ ಕಾಣುತ್ತಿತ್ತು, ಮೇಲಿನಿಂದ ತೆಗೆದದ್ದರಲ್ಲಿ ಕಾಣುತ್ತಿರಲಿಲ್ಲ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಿದ್ದ ಕಡೆ ದಟ್ಟವಾಗಿ ಕಾಣುತ್ತಲ್ಲ, ಅಲ್ಲೇನೋ ಇದೆ ಅನಿಸುತ್ತಲ್ಲ, ಹಾಗೆ. ಹಳೇ ಚಿತ್ರ ಇದ್ದಿದ್ದರೆ ‘ಓ, ಇದು ಮೂರು ವರ್ಷದ ಹಿಂದೆಯೂ ಹೀಗೇ ಇತ್ತು’ ಅಂತ ಬಿಟ್ಟುಬಿಡಬಹುದಿತ್ತು. ಮೊದಲ ಸಲ ಬಂದವರಿಗೆ ಹೋಲಿಸಲು ಏನೂ ಇರುವುದಿಲ್ಲ, ಅದಕ್ಕೇ ಅವರನ್ನು ವಾಪಸ್ ಕರೆಯುವುದೂ ಜಾಸ್ತಿ. ಆಕೆ ಬಂದರು, ಆ ಜಾಗವನ್ನಷ್ಟೇ ಚಿಕ್ಕ ಪ್ಲೇಟಿನಿಂದ ಒತ್ತಿ ಇನ್ನೊಂದು ಚಿತ್ರ ತೆಗೆದೆವು, ದಟ್ಟ ಭಾಗ ಹರಡಿಕೊಂಡು ಮಾಯ ಆಯಿತು. ಸ್ಕ್ಯಾನಿಂಗಲ್ಲೂ ಏನಿಲ್ಲ. ಅದೇ ದಿನ ಮನೆಗೆ.

ಇದನ್ನು ಪತ್ರದಲ್ಲೇ ಹೇಳಬಹುದಿತ್ತಲ್ವಾ? ಹೇಳಬಹುದಿತ್ತು. ಆದರೆ ಹೇಗೆ ಅನ್ನುವುದರಲ್ಲಿ ಎಡವುವ ಜಾಗ ಎರಡಿವೆ.

ಒಂದು ಈಗ ಕೇಳಿದಿರಿ. ಇನ್ನೊಂದು ಇದರ ಉಲ್ಟಾ. ‘ಗಾಬರಿ ಬೇಡ, ಇನ್ನೆರಡು ಚಿತ್ರ ಬೇಕಷ್ಟೆ’ ಅಂತ ಸಕ್ಕರೆ ಹಾಕಿ ಬರೆಯುವುದು. ಹಾಗೆ ಓದಿಕೊಂಡ ಇನ್ನೊಬ್ಬರು, ಊರಲ್ಲಿ ಮದುವೆ ಇದೆ, ಬಂದು ನೋಡಿಕೊಂಡರಾಯಿತು ಅಂತ ಎರಡು ತಿಂಗಳು ಮುಂದಕ್ಕೆ ಹಾಕಿಬಿಟ್ಟರು. ತಪ್ಪು ಅವರದಲ್ಲ, ಪತ್ರ ಹೇಳಿದ್ದೇ ಹಾಗೆ. ಜೊತೆಗೆ ಚಿತ್ರ ಮಸುಕಾಗಿದ್ದಕ್ಕೋ ಸ್ತನ ಪೂರ್ತಿ ಬಾರದೇ ಇದ್ದದ್ದಕ್ಕೋ ಇನ್ನೊಮ್ಮೆ ಕರೆಯುವುದು ಬೇರೆಯೇ ಇದೆ, ಅದರ ಪತ್ರವೇ ಬೇರೆ. ಎರಡನ್ನೂ ಒಂದೇ ಧಾಟಿಯಲ್ಲಿ ಬರೆದರೆ ಓದುವವರಿಗೆ ಯಾವುದು ಯಾವುದು ಅಂತ ತಿಳಿಯುವುದೇ ಇಲ್ಲ.

ಕ್ಯಾನ್ಸರ್ ಅನ್ನುವ ಪದ ಬರೆಯಬೇಕಾ ಬೇಡವಾ ಅಂತ ನಮ್ಮಲ್ಲಿ ಚರ್ಚೆ ಆಗುತ್ತಲೇ ಇರುತ್ತೆ. ನನ್ನ ಮಟ್ಟಿಗೆ, ಬರೆಯಬೇಕು. ಲಕೋಟೆ ಒಡೆದ ಕ್ಷಣವೇ ಆ ಪದ ಮನಸ್ಸಿಗೆ ಬಂದಿರುತ್ತೆ, ನಾವು ಬರೆಯದೇ ಇದ್ದರೆ ಮುಚ್ಚಿಡುತ್ತಿದ್ದಾರೆ ಅನಿಸುತ್ತೆ. ಆದರೆ ಒಂದೇ ಸಲ, ಮತ್ತು ಲೆಕ್ಕದ ಜೊತೆಗೆ. ‘ಬಹಳಷ್ಟು ಜನಕ್ಕೆ ಏನೂ ಇರುವುದಿಲ್ಲ’ ಅಂದರೆ ಯಾರೂ ನಂಬುವುದಿಲ್ಲ, ಬಹಳಷ್ಟು ಅಂದರೆ ಎಷ್ಟು? ‘ಹೀಗೆ ಕರೆಸಿಕೊಂಡ ನಾಲ್ವರಲ್ಲಿ ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ’ ಅಂದರೆ ಬೆರಳಲ್ಲಿ ಎಣಿಸಬಹುದು, ಉಳಿದ ಒಬ್ಬರನ್ನೂ ಮುಚ್ಚಿಟ್ಟ ಹಾಗಾಗಲಿಲ್ಲ.

ಆ ಅಮ್ಮನಿಗೆ ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ:

‘ನೀವು ಮ್ಯಾಮೊಗ್ರಾಂ ತೆಗೆಸಿಕೊಂಡಿರಿ. ಅದರಲ್ಲಿ ಒಂದು ಜಾಗವನ್ನು ನಾವು ಇನ್ನೂ ಚೆನ್ನಾಗಿ ನೋಡಬೇಕಾಗಿದೆ. ಅದಕ್ಕಾಗಿ ಮುಂದಿನ ಬುಧವಾರ ಬೆಳಿಗ್ಗೆ 9.30ಕ್ಕೆ ಬನ್ನಿ. ನೂರರಲ್ಲಿ ನಾಲ್ವರನ್ನು ಹೀಗೆ ಕರೆಯುತ್ತೇವೆ, ಆ ನಾಲ್ವರಲ್ಲಿ ಮೂವರಿಗೆ ಕ್ಯಾನ್ಸರ್ ಇರುವುದಿಲ್ಲ. ಅವತ್ತು ವೈದ್ಯರು ಮುಟ್ಟಿ ನೋಡಬಹುದು, ಇನ್ನಷ್ಟು ಚಿತ್ರ ತೆಗೆಯಬಹುದು, ಸ್ಕ್ಯಾನಿಂಗ್ ಮಾಡಬಹುದು. ಕೆಲವರಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತೆ. ಅದರ ಫಲಿತಾಂಶ ಅವತ್ತೇ ಸಿಗುವುದಿಲ್ಲ. ಅರ್ಧ ದಿನ ಬಿಡುವು ಮಾಡಿಕೊಳ್ಳಿ, ಬೇಕಾದರೆ ಮನೆಯವರನ್ನು ಕರೆತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಬೇಡಿ, ಮೊದಲು ನಮಗೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುವವರು ಬೇಕಿದ್ದರೆ ಹೇಳಿ, ಏರ್ಪಾಟು ಮಾಡುತ್ತೇವೆ.’

ಇಷ್ಟೆ. ಮೊದಲ ಮೂರು ಸಾಲಿನಲ್ಲೇ ಏನಾಯಿತು, ಏನು ಮಾಡಬೇಕು, ಯಾವಾಗ ಅನ್ನುವುದು ಬಂದುಬಿಟ್ಟಿದೆ, ಯಾಕಂದರೆ ಕೈ ನಡುಗುತ್ತಿರುವಾಗ ನಾಲ್ಕನೇ ಸಾಲಿನಾಚೆ ಓದುವವರು ಕಡಿಮೆ. ಸೂಜಿಯ ವಿಷಯ ಬೇಕಾ ಅಂತ ಕೇಳಬಹುದು. ಬೇಕು. ಬಿಟ್ಟರೆ ಆಕೆ ಬಸ್ಸಲ್ಲಿ ಒಬ್ಬರೇ ಬಂದು, ಮೇಜಿನ ಮೇಲೆ ಸೂಜಿ ನೋಡಿದ ಮೇಲೆ ‘ಇವರಿಗೆ ಮೊದಲೇ ಗೊತ್ತಿತ್ತು, ಆದ್ರೂ ಹೇಳಲಿಲ್ಲ’ ಅಂತ ನಮ್ಮ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. ಹೀಗೆ ಹೆದರಿ ಹೋದವರಲ್ಲಿ ಕೆಲವರು, ಏನೂ ಇಲ್ಲ ಅಂತ ಗೊತ್ತಾದ ಮೇಲೂ, ಮೂರು ವರ್ಷಕ್ಕೆ ಬರುವ ಮುಂದಿನ ಕರೆಗೆ ಬರುವುದೇ ಇಲ್ಲ.

ಪತ್ರ ಯಾವತ್ತು ಕೈಸೇರುತ್ತೆ ಅನ್ನುವುದೂ ಪತ್ರದ್ದೇ ಭಾಗ. ಶುಕ್ರವಾರ, ಶನಿವಾರ ತಲುಪುವ ಹಾಗೆ ಟಪಾಲಿಗೆ ಹಾಕಲೇಬಾರದು. ಕೆಳಗೆ ಕೊಟ್ಟ ನಂಬರನ್ನು ಅವತ್ತೇ ಎತ್ತುವ ನರ್ಸ್ ಇರಬೇಕು, ಬರೀ ಸ್ವಿಚ್‌ಬೋರ್ಡ್ ಸಾಲದು. ಮತ್ತೆ ಪತ್ರದಿಂದ ಬುಧವಾರದವರೆಗೆ ಅಂತರ ಕಡಿಮೆ ಇದ್ದಷ್ಟೂ ಒಳ್ಳೆಯದು. ಪತ್ರ ಎಷ್ಟೇ ಚೆನ್ನಾಗಿದ್ದರೂ ಮೂರು ವಾರ ಕಾಯಿಸಿದರೆ ಉಪಯೋಗ ಇಲ್ಲ.

ಇನ್ನು ನಮ್ಮ ಭಾಷೆ. ಸ್ತನ ಅಂತ ಬರೆಯಲು ಮುಜುಗರ ಪಟ್ಟು ‘ಎದೆ ಪರೀಕ್ಷೆ’ ಅಂತ ಕನ್ನಡ ಮಾಡಿದ್ದನ್ನು ನೋಡಿದ್ದೇನೆ. ಓದಿದವರು ಹಾರ್ಟ್ ಅಂದುಕೊಂಡು ಇಸಿಜಿ ರಿಪೋರ್ಟ್ ಹಿಡಿದು ಬಂದರು! ‘ಅಸಹಜ’ ಬೇಡ, ‘ಪಾಸಿಟಿವ್’ ಅಂತೂ ಬೇಡವೇ ಬೇಡ, ಅದನ್ನು ಅರ್ಧ ಜನ ಒಳ್ಳೇ ಸುದ್ದಿ ಅಂದುಕೊಳ್ಳುತ್ತಾರೆ. ‘ಗಂಟು’ ಅಂತಲೂ ಬರೆಯಬೇಡಿ, ಗಂಟಿದೆ ಅಂತ ನಮಗೆ ಇನ್ನೂ ಗೊತ್ತೇ ಇಲ್ಲ. ‘ಒಂದು ಜಾಗ’ ಅಂದರೆ ಸಾಕು. ನಮ್ಮೂರ ಕಡೆ ಪತ್ರ ಬರುವುದಿಲ್ಲ, ಆರೋಗ್ಯ ಕಾರ್ಯಕರ್ತೆ ಕೈಯಿಂದ ಮುಟ್ಟಿ ನೋಡಿ ‘ದೊಡ್ಡಾಸ್ಪತ್ರೆಗೆ ಹೋಗಿ’ ಅನ್ನುತ್ತಾರೆ. ಅಲ್ಲಿ ಆ ಬಾಯಿಮಾತೇ ಪತ್ರ. ಯಾಕೆ ಹೋಗಬೇಕು, ಯಾವತ್ತು, ಅಲ್ಲಿ ಏನು ಮಾಡುತ್ತಾರೆ ಅನ್ನುವುದನ್ನು ಆಕೆಯೂ ಹೀಗೇ ಹೇಳಬೇಕಾಗುತ್ತೆ.

ಕೊನೆಗೆ, ಆ ಅಮ್ಮ ಸೋಮವಾರ ಬೆಳಿಗ್ಗೆ ಫೋನ್ ಮಾಡಿದ್ದರು ಅಂದೆನಾ? ಅವರು ಮೊದಲು ಕೇಳಿದ್ದು ಕ್ಯಾನ್ಸರ್ ಬಗ್ಗೆ ಅಲ್ಲ. ‘ಸೀರೆ ಉಟ್ಕೊಂಡು ಬಂದ್ರೆ ನಡೆಯುತ್ತಾ?’ ಅಂತ. ನಡೆಯುತ್ತೆ, ರವಿಕೆ ಮಾತ್ರ ತೆಗೆಯಬೇಕಾಗುತ್ತೆ, ಮತ್ತೆ ಅವತ್ತು ಕಂಕುಳಿಗೆ ಪೌಡರ್ ಹಾಕಬೇಡಿ, ಅದೂ ಚಿತ್ರದಲ್ಲಿ ಚುಕ್ಕಿಯಾಗಿ ಕಾಣುತ್ತೆ ಅಂದೆ. ಈಗ ಆ ಸಾಲನ್ನೂ ಪತ್ರಕ್ಕೆ ಸೇರಿಸಿದ್ದೇನೆ.