ಒಂದೇ ದಿನ ಬೆದೆ: ಆಕಳುಗಳಿಗೆ ಹಾರ್ಮೋನ್ ಚುಚ್ಚುಮದ್ದು

ಪುಣೆ ಮತ್ತು ಸುತ್ತಮುತ್ತಲಿನ ಕೇಳುಗರಿಗೆ ನಮಸ್ಕಾರ. ಸೋಲಾಪುರ ರಸ್ತೆಯ ಲೋಣಿ ಕಾಳಭೋರ್ ಬಳಿ ವಿಜಯಪುರ ಕಡೆಯಿಂದ ಬಂದು ನೆಲೆಸಿದ ಕುಟುಂಬವೊಂದು ಮಿಶ್ರತಳಿಯ ಹಸುಗಳನ್ನು ಸಾಕಿಕೊಂಡಿದೆ. ಹೋದ ವರ್ಷ ಆ ಮನೆಯ ಯಜಮಾನರು ನನ್ನನ್ನು ಕರೆಸಿ, "ಡಾಕ್ಟರ್ರೀ, ಆರು ಆಕಳ ಬೆದಿಗೆ ಬರವಲ್ವು, ಎಲ್ಲಕ್ಕೂ ಒಂದೊಂದು ಸೂಜಿ ಹಾಕಿಬಿಡ್ರಿ" ಎಂದರು. ಆ ಮಾತಿನಲ್ಲಿದ್ದ ಅಪಾಯವನ್ನು ಇಂದು ವಿವರಿಸುತ್ತೇನೆ.

ಹಸುವಿನ ಬೆದೆಚಕ್ರ ಸುಮಾರು ಇಪ್ಪತ್ತೊಂದು ದಿನಗಳದ್ದು. ಬೆದೆ ಮುಗಿದು ಅಂಡ ಹೊರಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಹಳದಿ ಗಂಟೊಂದು ಬೆಳೆಯುತ್ತದೆ. ಅದು ಸ್ರವಿಸುವ ಪ್ರೊಜೆಸ್ಟರಾನ್ ಇರುವವರೆಗೆ ಹಸು ಮತ್ತೆ ಬೆದೆಗೆ ಬಾರದು. ಜನ "ಬೆದೆಯ ಸೂಜಿ" ಎನ್ನುವ ಪ್ರೋಸ್ಟಾಗ್ಲಾಂಡಿನ್ ಮಾಡುವ ಕೆಲಸ ಈ ಗಂಟನ್ನು ಕರಗಿಸುವುದು, ಅಷ್ಟೇ. ಗಂಟೇ ಇಲ್ಲದ ಹಸುವಿಗೆ ಹಾಕಿದರೆ ಏನೂ ಆಗುವುದಿಲ್ಲ. ಬೆದೆ ಮುಗಿದು ಐದಾರು ದಿನಗಳಾಗುವ ಮುನ್ನ ಹಾಕಿದರೆ ಎಳೆಯ ಗಂಟು ಕರಗುವುದಿಲ್ಲ. ಆದರೆ ಗಬ್ಬದ ಹಸುವಿನಲ್ಲಿ ಗರ್ಭವನ್ನು ಹಿಡಿದು ನಿಲ್ಲಿಸಿರುವುದೂ ಅದೇ ಗಂಟು. ಮೊದಲ ನಾಲ್ಕೈದು ತಿಂಗಳಲ್ಲಿ ಅದು ಕರಗಿತೆಂದರೆ ಕರು ಹೋಯಿತು.

ಆದ್ದರಿಂದ ನಾನು ಮೊದಲು ಆರೂ ಹಸುಗಳ ಗರ್ಭಕೋಶ ಮತ್ತು ಅಂಡಾಶಯಗಳನ್ನು ಗುದದ್ವಾರದ ಮೂಲಕ ಕೈಯಿಂದ ಪರೀಕ್ಷಿಸಿದೆ. ಒಂದು ಹಸು ಮೂರು ತಿಂಗಳ ಗಬ್ಬವಾಗಿತ್ತು! ಸೆಮೆನ್ ಹಾಕಿಸಿದ ಕೆಲವು ವಾರಗಳ ಮೇಲೆ ಅದು ಬೇರೆ ಹಸುವಿನ ಮೇಲೆ ಹತ್ತಿದ್ದನ್ನು ಕಂಡು, ಗರ್ಭ ನಿಂತಿಲ್ಲವೆಂದು ಮನೆಯವರು ತೀರ್ಮಾನಿಸಿದ್ದರು. ಗಬ್ಬದ ಹಸುಗಳಲ್ಲಿ ಕೆಲವು ಹೀಗೆ ಬೆದೆಯಂತೆ ವರ್ತಿಸುವುದುಂಟು. ಇನ್ನೊಂದರ ಗರ್ಭಕೋಶದಿಂದ ಕೀವು ಬರುತ್ತಿತ್ತು. ಅದಕ್ಕೆ ಚಿಕಿತ್ಸೆಯೇ ಮೊದಲು. ಮೂರನೆಯದು ಕರು ಹಾಕಿ ಐವತ್ತು ದಿನವಾಗಿದ್ದ, ಪಕ್ಕೆಲುಬು ಎದ್ದು ಕಾಣುವ ಬಡಕಲು ಹಸು. ಅದರ ಅಂಡಾಶಯಗಳು ಚಿಕ್ಕದಾಗಿ, ನಯವಾಗಿದ್ದವು. ಸೂಜಿಗಿಂತ ಅದಕ್ಕೆ ಬೇಕಿದ್ದದ್ದು ಹಿಂಡಿ ಮತ್ತು ಖನಿಜ ಮಿಶ್ರಣ.

ಉಳಿದ ಮೂರರ ಅಂಡಾಶಯಗಳು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಬೆದೆ ಬಂದಿತ್ತು, ಕಂಡವರಿರಲಿಲ್ಲ. ಹೆಚ್ಚು ಹಾಲು ಕೊಡುವ ಹಸುವಿನ ಬೆದೆ ಕೆಲವೇ ಗಂಟೆಗಳದ್ದು, ಅದೂ ಹಲವು ಸಲ ರಾತ್ರಿ ಹೊತ್ತು. ಸಿಮೆಂಟ್ ನೆಲದ ಮೇಲೆ ಕಟ್ಟಿಹಾಕಿದ ಹಸುವಾದರೆ ಅದನ್ನು ತೋರಿಸುವುದೇ ಕಷ್ಟ. ಬೆದೆಯನ್ನು ಹೊಂದಿಸುವ ಚುಚ್ಚುಮದ್ದು ನಿಜವಾಗಿ ನೆರವಾಗುವುದು ಇಂಥ ಹಸುಗಳಿಗೆ.

ಅವುಗಳಿಗೆ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬುಸೆರೆಲಿನ್ ಎಂಬ ಹಾರ್ಮೋನ್ ಕೊಟ್ಟೆ. ಅದು ಬಲಿತ ಅಂಡಕೋಶವನ್ನು ಬಿಡುಗಡೆ ಮಾಡಿಸಿ, ಹೊಸ ಅಂಡಕೋಶಗಳು ಬೆಳೆಯಲು ಅನುವು ಮಾಡುತ್ತದೆ. ಮುಂದಿನ ಸೋಮವಾರ ಅದೇ ಹೊತ್ತಿಗೆ ಪ್ರೋಸ್ಟಾಗ್ಲಾಂಡಿನ್. ಅಲ್ಲಿಂದ ಐವತ್ತಾರು ಗಂಟೆಗಳಿಗೆ, ಅಂದರೆ ಬುಧವಾರ ಸಂಜೆ ನಾಲ್ಕಕ್ಕೆ, ಮತ್ತೆ ಬುಸೆರೆಲಿನ್. ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರೊಳಗೆ, ಬೆದೆ ಕಂಡರೂ ಕಾಣದಿದ್ದರೂ, ಕೃತಕ ಗರ್ಭಧಾರಣೆ. ಈ ಗಂಟೆಗಳನ್ನು ನಮ್ಮ ಅನುಕೂಲಕ್ಕೆ ಹಿಂದೆ ಮುಂದೆ ಮಾಡುವಂತಿಲ್ಲ, ಏಕೆಂದರೆ ಕೊನೆಯ ಚುಚ್ಚುಮದ್ದಾಗಿ ಸುಮಾರು ಇಪ್ಪತ್ತನಾಲ್ಕರಿಂದ ಮೂವತ್ತೆರಡು ಗಂಟೆಗಳಲ್ಲಿ ಅಂಡ ಹೊರಬೀಳುತ್ತದೆ, ವೀರ್ಯ ಅದಕ್ಕೆ ಮೊದಲೇ ಅಲ್ಲಿ ಸಿದ್ಧವಾಗಿರಬೇಕು. ಇಷ್ಟಾಗಿಯೂ ಒಂದು ಹಸು ಬುಧವಾರ ಬೆಳಿಗ್ಗೆಯೇ ಗಾಜಿನಂಥ ಲೋಳೆ ಹಾಕಿ ಬೆದೆಗೆ ಬಂತು; ಅದಕ್ಕೆ ಗುರುವಾರದವರೆಗೆ ಕಾಯದೆ ಅಂದು ಸಂಜೆಯೇ ಸೆಮೆನ್ ಹಾಕಿದೆವು.

ಔಷಧಿ ಮುಟ್ಟುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪ್ರೋಸ್ಟಾಗ್ಲಾಂಡಿನ್ ಮನುಷ್ಯರ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಗರ್ಭಿಣಿಯರು ಮತ್ತು ಆಸ್ತಮಾ ಇರುವವರು ಅದನ್ನು ಮುಟ್ಟಲೇಬಾರದು. ಉಳಿದವರು ಕೈಗವಸು ಹಾಕಿಕೊಳ್ಳಬೇಕು, ಮೈಮೇಲೆ ಚೆಲ್ಲಿದರೆ ಕೂಡಲೇ ಸೋಪು ನೀರಿನಿಂದ ತೊಳೆಯಬೇಕು. ಮನೆಯ ಹೆಂಗಸರೇ ಕೊಟ್ಟಿಗೆಯ ಕೆಲಸ ಮಾಡುವ ನಮ್ಮಲ್ಲಿ, ಅಂಗಡಿಯಿಂದ ತಂದ ಸೀಸೆಯನ್ನು ಗೂಡಿನಲ್ಲಿಟ್ಟು, ಬೇಕಾದಾಗ ಯಾರೋ ಚುಚ್ಚುವ ರೂಢಿ ನನಗೆ ಬಹಳ ಭಯ ಹುಟ್ಟಿಸುತ್ತದೆ.

ಹೀಗೆ ಮಾಡಿದ ಹತ್ತು ಹಸುಗಳಲ್ಲಿ ಮೂರ್ನಾಲ್ಕು ಗಬ್ಬವಾದರೆ ಅದೇ ಸಾಮಾನ್ಯ ಫಲ. ಆ ಮನೆಯಲ್ಲಿ ಮೂರರಲ್ಲಿ ಒಂದು ನಿಂತಿತು. ಇನ್ನೊಂದು ಇಪ್ಪತ್ತೊಂದನೆಯ ದಿನ ಮತ್ತೆ ಬೆದೆಗೆ ಬಂದಾಗ, ದಿನಾಂಕ ಬರೆದಿಟ್ಟುಕೊಂಡಿದ್ದ ಯಜಮಾನರು ನಸುಕಿನಲ್ಲೇ ಗುರುತಿಸಿ ಫೋನ್ ಮಾಡಿದ್ದರು. ಮೂರನೆಯದು ಬೆದೆಗೂ ಬರಲಿಲ್ಲ, ಎರಡು ತಿಂಗಳಿಗೆ ಪರೀಕ್ಷಿಸಿದಾಗ ಗಬ್ಬವೂ ಇರಲಿಲ್ಲ. ಅದಕ್ಕೆ ಇನ್ನೊಮ್ಮೆ ಚುಚ್ಚುಮದ್ದು ಹಾಕುವ ಮೊದಲು ಅಂಡಾಶಯವನ್ನು ಮತ್ತೆ ಮುಟ್ಟಿ ನೋಡಿದೆ. ಮೊದಲೇ ಬಿಟ್ಟಿದ್ದ ಬಡಕಲು ಹಸು ಆ ಹೊತ್ತಿಗೆ ಮೈ ತುಂಬಿಕೊಂಡು, ಯಾವ ಸೂಜಿಯೂ ಇಲ್ಲದೆ ತಾನೇ ಬೆದೆಗೆ ಬಂದಿತ್ತು.