ಬಡ್ಡಿ ಏರಿದಾಗ ಬಾಂಡ್‌ಗಳ ಬೆಲೆ ಎಷ್ಟು ಇಳಿಯುತ್ತದೆ?

ಕೇಳುಗರಿಗೆ ನಮಸ್ಕಾರ.

2022ರ ಮೇ 4ರ ಮಧ್ಯಾಹ್ನ ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ರೆಪೊ ದರವನ್ನು ಶೇ 4ರಿಂದ ಶೇ 4.40ಕ್ಕೆ ಏರಿಸಿರುವುದಾಗಿ ಪ್ರಕಟಿಸಿದರು. ಹಣಕಾಸು ನೀತಿ ಸಮಿತಿಯ ಸಭೆ ಜೂನ್‌ನಲ್ಲಿ ನಡೆಯಬೇಕಿತ್ತು. ಹಾಗಾಗಿ ಮಾರುಕಟ್ಟೆಗೆ ಇದರ ಮುನ್ಸೂಚನೆ ಇರಲಿಲ್ಲ. ಹತ್ತು ವರ್ಷದ ಸರ್ಕಾರಿ ಬಾಂಡ್‌ನ ಯೀಲ್ಡ್ ಅದೇ ದಿನ ಸುಮಾರು 26 ಮೂಲಾಂಶ, ಅಂದರೆ ಶೇಕಡಾ ಕಾಲು ಭಾಗಕ್ಕಿಂತ ತುಸು ಹೆಚ್ಚು, ಮೇಲಕ್ಕೆ ಹೋಯಿತು. ಸಹಕಾರಿ ಬ್ಯಾಂಕುಗಳಲ್ಲಿ, ಭವಿಷ್ಯನಿಧಿ ಟ್ರಸ್ಟುಗಳಲ್ಲಿ ಬಾಂಡ್‌ಗಳ ಲೆಕ್ಕ ನೋಡುವವರಿಗೆ ಆ ಸಂಜೆ ಮೇಲಿನವರಿಂದ ಬಂದಿರಬಹುದಾದ ಪ್ರಶ್ನೆ ಒಂದೇ: ನಮ್ಮ ಕೈಯಲ್ಲಿರುವ ಬಾಂಡ್‌ಗಳ ಬೆಲೆ ಎಷ್ಟು ಕರಗಿತು?

ಕಂಪ್ಯೂಟರ್ ಇಲ್ಲದಿದ್ದರೂ ಇದಕ್ಕೆ ಒಂದು ಕಾಗದದ ಮೇಲೆ ಉತ್ತರ ಬರೆಯಬಹುದು. ಬೇಕಾಗುವುದು ಎರಡು ಸಂಖ್ಯೆಗಳು. ಒಂದರ ಹೆಸರು ಮಾಡಿಫೈಡ್ ಡ್ಯುರೇಷನ್, ಇನ್ನೊಂದರ ಹೆಸರು ಕಾನ್ವೆಕ್ಸಿಟಿ. ಹತ್ತಿರ ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ. ಅಂಕಿಗಳನ್ನು ನಿಧಾನವಾಗಿಯೇ ಹೇಳುತ್ತೇನೆ.

ಒಂದೇ ಬಾಂಡ್‌ನಿಂದ ಶುರು ಮಾಡೋಣ. ಹತ್ತು ವರ್ಷದ ಸರ್ಕಾರಿ ಬಾಂಡ್, ಮುಖಬೆಲೆ 100 ರೂಪಾಯಿ, ವರ್ಷಕ್ಕೆ ಶೇ 7 ಬಡ್ಡಿ. ನಮ್ಮ ಸರ್ಕಾರಿ ಬಾಂಡ್‌ಗಳು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ, ಆದ್ದರಿಂದ ಪ್ರತಿ ಕಂತಿಗೆ ಮೂರೂವರೆ ರೂಪಾಯಿ. ಯೀಲ್ಡ್ ಎಂದರೆ ಇವತ್ತಿನ ಬೆಲೆಗೆ ಬಾಂಡ್ ಕೊಂಡು ಕೊನೆಯವರೆಗೂ ಇಟ್ಟುಕೊಂಡವನಿಗೆ ಸಿಗುವ ವಾರ್ಷಿಕ ಪ್ರತಿಫಲ. ಅದೂ ಶೇ 7 ಆಗಿದ್ದರೆ ಬಾಂಡ್‌ನ ಬೆಲೆ ಸರಿಯಾಗಿ 100 ರೂಪಾಯಿ. ಈ ಬಾಂಡ್‌ನ ಮಾಡಿಫೈಡ್ ಡ್ಯುರೇಷನ್ 7.11. ಅದರ ಅರ್ಥ ಇಷ್ಟೇ: ಯೀಲ್ಡ್ ಶೇಕಡಾ ಒಂದರಷ್ಟು, ಅಂದರೆ 100 ಮೂಲಾಂಶ, ಏರಿದರೆ ಬೆಲೆ ಸುಮಾರು ಶೇ 7.11ರಷ್ಟು ಇಳಿಯುತ್ತದೆ, ಯೀಲ್ಡ್ ಅಷ್ಟೇ ಇಳಿದರೆ ಬೆಲೆ ಸುಮಾರು ಅಷ್ಟೇ ಏರುತ್ತದೆ. ಮೇ 4ರ 26 ಮೂಲಾಂಶವನ್ನು ಇದಕ್ಕೆ ಗುಣಿಸಿದರೆ ನೂರು ರೂಪಾಯಿಗೆ ಒಂದು ರೂಪಾಯಿ ಎಂಬತ್ತೈದು ಪೈಸೆಯ ನಷ್ಟ. ಇಂಥ ಸಣ್ಣ ಏರಿಳಿತಕ್ಕೆ ಈ ಒಂದು ಗುಣಾಕಾರ ಸಾಕು.

ಏರಿಳಿತ ದೊಡ್ಡದಾದಾಗ ಸಾಲದು. ಅದೇ ಬಾಂಡ್‌ನ ಬೆಲೆಯನ್ನು ಯೀಲ್ಡ್ ಶೇ 8 ಎಂದು ಇಟ್ಟುಕೊಂಡು ಪೂರ್ತಿಯಾಗಿ ಲೆಕ್ಕ ಹಾಕಿದರೆ 93 ರೂಪಾಯಿ 20 ಪೈಸೆ ಬರುತ್ತದೆ. ಶೇ 6 ಎಂದು ಇಟ್ಟುಕೊಂಡರೆ 107 ರೂಪಾಯಿ 44 ಪೈಸೆ. ಏರಿದಾಗ ಕಳೆದುಕೊಂಡದ್ದು 6 ರೂಪಾಯಿ 80 ಪೈಸೆ, ಇಳಿದಾಗ ಗಳಿಸಿದ್ದು 7 ರೂಪಾಯಿ 44 ಪೈಸೆ. ಡ್ಯುರೇಷನ್ ಎರಡೂ ಕಡೆ 7.11 ಎಂದಿತ್ತು; ನಿಜವಾದ ನಷ್ಟ ಅದಕ್ಕಿಂತ ಕಡಿಮೆ, ನಿಜವಾದ ಲಾಭ ಅದಕ್ಕಿಂತ ಹೆಚ್ಚು. ಬೆಲೆ ಮತ್ತು ಯೀಲ್ಡ್‌ಗಳ ನಂಟು ನೇರ ಗೆರೆಯಲ್ಲ, ಬಾಗಿದ ಗೆರೆ. ಆ ಬಾಗು ಎಷ್ಟು ಎಂದು ಹೇಳುವ ಸಂಖ್ಯೆಯೇ ಕಾನ್ವೆಕ್ಸಿಟಿ.

ಅದನ್ನು ಕಂಡುಹಿಡಿಯಲು ಈಗ ಹೇಳಿದ ಮೂರು ಬೆಲೆಗಳೇ ಸಾಕು. ಮೇಲಿನ ಬೆಲೆ, ಕೆಳಗಿನ ಬೆಲೆ ಎರಡನ್ನೂ ಕೂಡಿಸಿ. 200 ರೂಪಾಯಿ 64 ಪೈಸೆ. ಅದರಿಂದ ಇವತ್ತಿನ ಬೆಲೆಯ ಎರಡರಷ್ಟನ್ನು, ಅಂದರೆ 200ನ್ನು, ಕಳೆಯಿರಿ. ಉಳಿದ 64 ಪೈಸೆಯನ್ನು ಇವತ್ತಿನ ಬೆಲೆ 100ರಿಂದ ಭಾಗಿಸಿ, ಆಮೇಲೆ ಯೀಲ್ಡ್ ಬದಲಾವಣೆಯ ವರ್ಗದಿಂದ ಭಾಗಿಸಿ. ಶೇಕಡಾ ಒಂದು ಎಂದರೆ 0.01, ಅದರ ವರ್ಗ 0.0001. ಉತ್ತರ ಸುಮಾರು 64. ಬೆಲೆಗೆ ಇದನ್ನು ಸೇರಿಸುವಾಗ ಕಾನ್ವೆಕ್ಸಿಟಿಯ ಅರ್ಧವನ್ನು ತೆಗೆದುಕೊಂಡು ಬದಲಾವಣೆಯ ವರ್ಗದಿಂದ ಗುಣಿಸಬೇಕು. 64ರ ಅರ್ಧ 32, ಅದನ್ನು 0.0001ರಿಂದ ಗುಣಿಸಿದರೆ ಶೇ 0.32. ಡ್ಯುರೇಷನ್ ಹೇಳಿದ 7.11ರ ನಷ್ಟದಿಂದ 0.32 ಕಳೆದರೆ 6.79. ನಿಜವಾದ ನಷ್ಟ 6.80. ವ್ಯತ್ಯಾಸ ಒಂದು ಪೈಸೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ತಂತ್ರಾಂಶಗಳು ಕಾನ್ವೆಕ್ಸಿಟಿಯನ್ನು ನೂರರಿಂದ ಭಾಗಿಸಿ 0.64 ಎಂದು ತೋರಿಸುತ್ತವೆ. ಕೆಲವು ಕಡೆ ಆ ಅರ್ಧವನ್ನು ಮೊದಲೇ ಸೇರಿಸಿ 32 ಎಂದು ಕೊಡುತ್ತಾರೆ. ಕಣ್ಣು ಮುಚ್ಚಿ ಸೂತ್ರಕ್ಕೆ ಹಾಕಿದರೆ ತಿದ್ದುಪಡಿ ಒಂದೋ ಮಾಯವಾಗುತ್ತದೆ, ಇಲ್ಲವೇ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆ ಸುಲಭ: ಒಂದು ಬಾಂಡ್ ಆರಿಸಿಕೊಂಡು ಈಗ ಮಾಡಿದಂತೆ ಪೂರ್ತಿ ಬೆಲೆಯನ್ನೇ ಲೆಕ್ಕ ಹಾಕಿ ಹೋಲಿಸಿ. ಶೇಕಡಾ ಒಂದರ ಬದಲಾವಣೆಗೆ ವ್ಯತ್ಯಾಸ ಕೆಲವೇ ಪೈಸೆಗಳನ್ನು ಮೀರಿದರೆ ಸಂಖ್ಯೆಯ ಅಳತೆ ಬೇರೆ ಎಂದೇ ತಿಳಿಯಿರಿ.

ಈಗ ಪೂರ್ತಿ ಗಂಟಿಗೆ ಬರೋಣ. ಒಂದು ಸಂಸ್ಥೆಯ ಬಳಿ 10 ಕೋಟಿ ರೂಪಾಯಿ ಬೆಲೆಯ ಬಾಂಡ್‌ಗಳಿವೆ ಎಂದಿಟ್ಟುಕೊಳ್ಳಿ. 4 ಕೋಟಿ ಎರಡು ವರ್ಷದ ಬಾಂಡ್‌ನಲ್ಲಿ, 4 ಕೋಟಿ ಹತ್ತು ವರ್ಷದ್ದರಲ್ಲಿ, 2 ಕೋಟಿ ಮೂವತ್ತು ವರ್ಷದ್ದರಲ್ಲಿ. ಲೆಕ್ಕ ಸರಳವಾಗಿರಲೆಂದು ಎಲ್ಲದರ ಬಡ್ಡಿಯೂ ಯೀಲ್ಡ್ ಕೂಡ ಶೇ 7. ಎರಡು ವರ್ಷದ ಬಾಂಡ್‌ನ ಡ್ಯುರೇಷನ್ 1.84, ಕಾನ್ವೆಕ್ಸಿಟಿ 4.4. ಹತ್ತು ವರ್ಷದ್ದು ಗೊತ್ತೇ ಇದೆ, 7.11 ಮತ್ತು 64. ಮೂವತ್ತು ವರ್ಷದ್ದು 12.47 ಮತ್ತು 251.

ಗಂಟಿನ ಡ್ಯುರೇಷನ್ ಎಂದರೆ ಇವುಗಳ ಸರಾಸರಿ. ಆದರೆ ಬರೀ ಸರಾಸರಿಯಲ್ಲ, ಪ್ರತಿ ಬಾಂಡ್‌ನಲ್ಲಿರುವ ಹಣದ ಪಾಲಿಗೆ ತಕ್ಕ ಸರಾಸರಿ. ಆ ಪಾಲನ್ನು ಮಾರುಕಟ್ಟೆ ಬೆಲೆಯಿಂದಲೇ ಲೆಕ್ಕ ಹಾಕಬೇಕು, ಮುಖಬೆಲೆಯಿಂದಲ್ಲ. 80 ರೂಪಾಯಿಗೆ ಇಳಿದಿರುವ ಹಳೆಯ ದೀರ್ಘಾವಧಿ ಬಾಂಡ್‌ಗೆ ನೂರರ ತೂಕ ಕೊಟ್ಟರೆ ಅಪಾಯ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೊನೆಯ ಕಂತಿನ ನಂತರ ಕೂಡಿಕೊಂಡಿರುವ ಬಡ್ಡಿಯೂ ಆ ಬೆಲೆಯಲ್ಲಿ ಸೇರಿರಬೇಕು. ನಮ್ಮ ಗಂಟಿನಲ್ಲಿ ಹೀಗೆ ತೂಗಿದಾಗ ಡ್ಯುರೇಷನ್ 6.07, ಕಾನ್ವೆಕ್ಸಿಟಿ ಸುಮಾರು 78. ಮೂವತ್ತು ವರ್ಷದ ಬಾಂಡ್‌ನಲ್ಲಿ ಇರುವುದು ಹಣದ ಐದನೇ ಒಂದು ಪಾಲು ಮಾತ್ರ. ಆದರೆ ಡ್ಯುರೇಷನ್‌ನಲ್ಲಿ ಸುಮಾರು ಐದನೇ ಎರಡು ಪಾಲು, ಕಾನ್ವೆಕ್ಸಿಟಿಯಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಅದೊಂದರಿಂದಲೇ ಬಂದಿದೆ.

ಎಲ್ಲ ಯೀಲ್ಡ್‌ಗಳೂ ಒಟ್ಟಿಗೆ ಶೇ 7ರಿಂದ ಶೇ 8ಕ್ಕೆ ಏರಿದವು ಎನ್ನಿ. ಡ್ಯುರೇಷನ್ ಪ್ರಕಾರ ನಷ್ಟ 60 ಲಕ್ಷ 72 ಸಾವಿರ. ಕಾನ್ವೆಕ್ಸಿಟಿ ಮರಳಿ ಕೊಡುವುದು 3 ಲಕ್ಷ 89 ಸಾವಿರ. ಅಂದಾಜು ನಷ್ಟ 56 ಲಕ್ಷ 83 ಸಾವಿರ. ಮೂರೂ ಬಾಂಡ್‌ಗಳ ಬೆಲೆಯನ್ನು ಹೊಸದಾಗಿ ಲೆಕ್ಕ ಹಾಕಿದರೆ ಬರುವ ನಿಜವಾದ ನಷ್ಟ 57 ಲಕ್ಷ 6 ಸಾವಿರ. 10 ಕೋಟಿಯ ಗಂಟಿನಲ್ಲಿ ತಪ್ಪು ಇಪ್ಪತ್ತಮೂರು ಸಾವಿರ ರೂಪಾಯಿ. ಒಂದು ಕಾಗದದ ಲೆಕ್ಕಕ್ಕೆ ಇದು ಬಹಳ ಒಳ್ಳೆಯ ಫಲ ಎಂದೇ ನಾನು ಎಣಿಸುತ್ತೇನೆ.

ಇಷ್ಟು ಚೆನ್ನಾಗಿ ನಡೆಯುವ ಸೂತ್ರ ಯಾವಾಗ ಕೈಕೊಡುತ್ತದೆ? ನನ್ನ ಪ್ರಕಾರ ದೊಡ್ಡ ತಪ್ಪು ಸೂತ್ರದಲ್ಲಿಲ್ಲ, ಅದಕ್ಕೆ ನಾವು ತುಂಬುವ ಬದಲಾವಣೆಯ ಅಂಕಿಯಲ್ಲಿದೆ. ರೆಪೊ ದರ 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯ ಹೊತ್ತಿಗೆ ಶೇ 4ರಿಂದ ಶೇ 6.50ಕ್ಕೆ ಏರಿತು. ಎರಡೂವರೆ ಶೇಕಡಾ ಏರಿಕೆ. ಅದನ್ನೇ ನೇರವಾಗಿ ನಮ್ಮ ಗಂಟಿಗೆ ಹಾಕಿ ನೋಡಿ. ಡ್ಯುರೇಷನ್ ನಷ್ಟ ಶೇ 15.18, ಕಾನ್ವೆಕ್ಸಿಟಿಯ ತಿದ್ದುಪಡಿ ಶೇ 2.43, ಉಳಿಯುವ ನಷ್ಟ ಶೇ 12.75. ಅಂದರೆ 1 ಕೋಟಿ 27 ಲಕ್ಷಕ್ಕೂ ಹೆಚ್ಚು.

ಆದರೆ ಆ ಒಂಬತ್ತು ತಿಂಗಳಲ್ಲಿ ಮಾರುಕಟ್ಟೆ ಹಾಗೆ ನಡೆದುಕೊಳ್ಳಲಿಲ್ಲ. ಒಂದು ವರ್ಷದೊಳಗಿನ ಟ್ರೆಷರಿ ಬಿಲ್‌ಗಳ ಯೀಲ್ಡ್ ಎರಡು ಶೇಕಡಾಕ್ಕೂ ಹೆಚ್ಚು ಏರಿದರೆ, ಹತ್ತು ವರ್ಷದ ಬಾಂಡ್ ಏಪ್ರಿಲ್ ಕೊನೆಯಲ್ಲಿದ್ದ ಶೇ 7.1ರ ಆಸುಪಾಸಿನಿಂದ ಶೇ 7.3ರ ಆಸುಪಾಸಿಗೆ ಬಂದಿತ್ತು, ಅಷ್ಟೇ. ರೆಪೊ ಎಂಬುದು ಒಂದು ರಾತ್ರಿಯ ಸಾಲದ ದರ. ಹತ್ತು ವರ್ಷದ ಯೀಲ್ಡ್‌ನಲ್ಲಿ ಮುಂದಿನ ಹತ್ತು ವರ್ಷಗಳ ಬಡ್ಡಿ, ಹಣದುಬ್ಬರ, ಸರ್ಕಾರದ ಸಾಲದ ಪ್ರಮಾಣ ಇವೆಲ್ಲದರ ನಿರೀಕ್ಷೆ ಸೇರಿರುತ್ತದೆ. ರೆಪೊ ಏರಲಿದೆ ಎಂಬ ಊಹೆ ದೀರ್ಘಾವಧಿಯ ಬಾಂಡ್‌ಗಳ ಬೆಲೆಯಲ್ಲಿ ಬಹುಮಟ್ಟಿಗೆ ಮೊದಲೇ ಸೇರಿಹೋಗಿತ್ತು.

ಹಾಗಾದರೆ ನಮ್ಮ ಗಂಟನ್ನು ಅಂಥದೇ ಓರೆಯಾದ ಏರಿಕೆಗೆ ಒಡ್ಡೋಣ. ಎರಡು ವರ್ಷದ ಯೀಲ್ಡ್ ಎರಡು ಶೇಕಡಾ ಏರಲಿ, ಹತ್ತು ವರ್ಷದ್ದು ಕಾಲು ಶೇಕಡಾ ಏರಲಿ, ಮೂವತ್ತು ವರ್ಷದ್ದು ಇದ್ದಲ್ಲೇ ಇರಲಿ. ಈಗ ಗಂಟಿನ ಸರಾಸರಿ ಡ್ಯುರೇಷನ್ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದಕ್ಕೆ ಗುಣಿಸಲು ಒಂದೇ ಬದಲಾವಣೆ ಇಲ್ಲ. ಬಾಂಡ್ ಬಾಂಡಿಗೂ ಬೇರೆಬೇರೆಯಾಗಿ ಲೆಕ್ಕ ಮಾಡಬೇಕು. ಎರಡು ವರ್ಷದ ಬಾಂಡ್‌ನಲ್ಲಿ ನಷ್ಟ ಶೇ 3.59, ಅಂದರೆ 14 ಲಕ್ಷ 34 ಸಾವಿರ. ಹತ್ತು ವರ್ಷದ್ದರಲ್ಲಿ ಶೇ 1.76, ಅಂದರೆ 7 ಲಕ್ಷ 3 ಸಾವಿರ. ಮೂವತ್ತು ವರ್ಷದ್ದರಲ್ಲಿ ಏನೂ ಇಲ್ಲ. ಒಟ್ಟು 21 ಲಕ್ಷ 37 ಸಾವಿರ. ಒಂದೂಕಾಲು ಕೋಟಿ ಎಂದು ಹೆದರಿ ಬಾಂಡ್‌ಗಳನ್ನು ಮಾರಿಬಿಡುವುದಕ್ಕೂ ಇಪ್ಪತ್ತೊಂದು ಲಕ್ಷ ಎಂದು ತಿಳಿದು ಸುಮ್ಮನೆ ಕೂರುವುದಕ್ಕೂ ಎಷ್ಟು ಅಂತರವಿದೆ ನೋಡಿ. ಅತಿ ಹೆಚ್ಚು ಅಪಾಯದ್ದು ಎನಿಸಿದ್ದ ಮೂವತ್ತು ವರ್ಷದ ಬಾಂಡ್ ಈ ಸಲ ಅಲುಗಾಡಲೇ ಇಲ್ಲ. ನಷ್ಟದ ಮೂರನೇ ಎರಡು ಪಾಲು ಬಂದದ್ದು ಸುರಕ್ಷಿತ ಎನಿಸಿದ್ದ ಎರಡು ವರ್ಷದ ಬಾಂಡ್‌ನಿಂದ.

ಇದಕ್ಕೆ ತದ್ವಿರುದ್ಧವಾದದ್ದೂ ಆಗಬಹುದು. ಸರ್ಕಾರ ಸಾಲದ ಪ್ರಮಾಣವನ್ನು ಹೆಚ್ಚಿಸುವುದಾಗಿ ಬಜೆಟ್‌ನಲ್ಲಿ ಹೇಳಿದರೆ, ರೆಪೊ ಕದಲದಿದ್ದರೂ ದೀರ್ಘಾವಧಿಯ ಯೀಲ್ಡ್‌ಗಳು ಏರಬಹುದು. ಆಗ ಪೆಟ್ಟು ಬೀಳುವುದು ಆ 2 ಕೋಟಿಯ ಮೇಲೆ. ಆದ್ದರಿಂದ ಗಂಟಿಗೆ ಒಂದೇ ಡ್ಯುರೇಷನ್ ಬರೆದಿಟ್ಟುಕೊಳ್ಳುವ ಬದಲು ಅವಧಿಗೊಂದು ಸಾಲು ಬರೆದಿಟ್ಟುಕೊಳ್ಳಬೇಕು: ಎರಡು ವರ್ಷದವರೆಗಿನದು ಇಷ್ಟು, ಹತ್ತರ ಸುತ್ತಿನದು ಇಷ್ಟು, ಮೂವತ್ತರದು ಇಷ್ಟು ಎಂದು.

ಇನ್ನೊಂದು ಮಿತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅವಧಿಗೆ ಮೊದಲೇ ಹಣ ಮರಳಿಸಿ ಬಾಂಡ್ ಹಿಂಪಡೆಯುವ ಹಕ್ಕನ್ನು ವಿತರಕರು ಇಟ್ಟುಕೊಂಡಿರುವ ಬಾಂಡ್‌ಗಳಿಗೆ ಈ ಲೆಕ್ಕ ಹೀಗೇ ಅನ್ವಯಿಸುವುದಿಲ್ಲ. ಬಡ್ಡಿ ಇಳಿದಾಗ ಅವರು ಹಣ ಮರಳಿಸಿಬಿಡುತ್ತಾರೆ. ಆದ್ದರಿಂದ ಬೆಲೆ ಏರಬೇಕಾದಷ್ಟು ಏರುವುದಿಲ್ಲ. ಅಂಥವನ್ನು ಸರ್ಕಾರಿ ಬಾಂಡ್‌ಗಳ ಜೊತೆ ಕೂಡಿಸದೆ ಪ್ರತ್ಯೇಕವಾಗಿ ನೋಡಬೇಕು.

ಅಂದಾಜು ಸರಿಯಾಗಿತ್ತೇ ಎಂದು ತಿಳಿಯಲು ಬಹಳ ಕಾಯಬೇಕಿಲ್ಲ. ಸರ್ಕಾರಿ ಬಾಂಡ್‌ಗಳ ಬೆಲೆಯನ್ನು ಎಫ್‌ಬಿಐಎಲ್ ಸಂಸ್ಥೆ ಪ್ರತಿ ವ್ಯವಹಾರದ ದಿನವೂ ಪ್ರಕಟಿಸುತ್ತದೆ. ಆ ಬೆಲೆಗಳಿಂದ ಗಂಟಿನ ನಿಜವಾದ ಮೌಲ್ಯ ತೆಗೆದು ನಿಮ್ಮ ಅಂದಾಜಿನ ಪಕ್ಕದಲ್ಲಿ ಬರೆಯಿರಿ. ಸಾವಿರಗಳಲ್ಲಿ ವ್ಯತ್ಯಾಸವಿದ್ದರೆ ಅದು ಬಾಗಿದ ಗೆರೆಯ ಉಳಿಕೆ, ಬಿಟ್ಟುಬಿಡಿ. ಲಕ್ಷಗಳಲ್ಲಿದ್ದರೆ ಮೊದಲು ತೂಕಗಳನ್ನು ನೋಡಿ, ಮುಖಬೆಲೆ ನುಸುಳಿರಬಹುದು. ಅದೂ ಸರಿಯಿದ್ದರೆ ಪ್ರತಿ ಅವಧಿಯ ಯೀಲ್ಡ್ ಆ ದಿನ ಎಷ್ಟು ಬದಲಾಯಿತು ಎಂದು ಒಂದೊಂದಾಗಿ ತೆಗೆದು, ಲೆಕ್ಕವನ್ನು ಸಾಲು ಸಾಲಾಗಿ ಮತ್ತೆ ಮಾಡಿ.

ನಮಸ್ಕಾರ.